ಎರಡು ಚುಕ್ಕೆ, ಒಂದು ಗೆರೆ: ಮೊದಲಿನ ಅಂಕ, ನಂತರದ ಅಂಕ



ದೂರದರ್ಶನದ ಪರದೆಯ ಮೇಲೆ ಒಂದು ನಕ್ಷೆ ಹೆಚ್ಚೆಂದರೆ ಹತ್ತು ಸೆಕೆಂಡು ನಿಲ್ಲುತ್ತದೆ. ಅಷ್ಟರೊಳಗೆ ನೋಡುವವರಿಗೆ ವಿಷಯ ತಿಳಿಯಬೇಕು. 2023ರಲ್ಲಿ ಹಳ್ಳಿಯ ಮಕ್ಕಳ ಓದಿನ ಬಗ್ಗೆ ಒಂದು ಚರ್ಚೆಯನ್ನು ಸಿದ್ಧಪಡಿಸುತ್ತಿದ್ದಾಗ ನಮ್ಮ ಕಲಾವಿದರು ಆರು ಕಂಬಗಳ ಚಿತ್ರವೊಂದನ್ನು ಬರೆದು ತಂದರು. ಸರ್ಕಾರಿ ಶಾಲೆಗೆ ಎರಡು ಕಂಬ, ಖಾಸಗಿ ಶಾಲೆಗೆ ಎರಡು, ಎಲ್ಲ ಮಕ್ಕಳೂ ಸೇರಿದ್ದಕ್ಕೆ ಎರಡು. ಪ್ರತಿ ಜೋಡಿಯಲ್ಲೂ ಒಂದು ಕೊರೊನಾಕ್ಕೆ ಮೊದಲಿನದು, ಇನ್ನೊಂದು ನಂತರದ್ದು. ಚಿತ್ರ ಅಚ್ಚುಕಟ್ಟಾಗಿತ್ತು. ಆದರೆ ಯಾರದು ಎಷ್ಟು ಇಳಿಯಿತು ಎಂದು ತಿಳಿಯಲು ನೋಡುವವರು ಆರು ಎತ್ತರಗಳನ್ನು ನೆನಪಿಟ್ಟುಕೊಂಡು ಮನಸ್ಸಿನಲ್ಲೇ ಮೂರು ಬಾರಿ ಕಳೆಯುವ ಲೆಕ್ಕ ಮಾಡಬೇಕಿತ್ತು. ಹತ್ತು ಸೆಕೆಂಡಿನಲ್ಲಿ ಅದು ಆಗುವ ಮಾತಲ್ಲ.

ಆಗ ನಾವು ಕಂಬಗಳನ್ನು ಬಿಟ್ಟು ಡಂಬೆಲ್ ನಕ್ಷೆಗೆ ಹೋದೆವು. ವ್ಯಾಯಾಮಶಾಲೆಯಲ್ಲಿ ತೋಳಿನ ಕಸರತ್ತಿಗೆ ಬಳಸುವ ಡಂಬೆಲನ್ನು ನೀವು ನೋಡಿದ್ದೀರಿ. ಎರಡು ತುದಿಗೆ ಗುಂಡು, ನಡುವೆ ಹಿಡಿಕೆ. ಈ ನಕ್ಷೆಯೂ ಹಾಗೆಯೇ. ಒಂದು ಗುಂಡು ಮೊದಲಿನ ಅಂಕ, ಇನ್ನೊಂದು ಗುಂಡು ನಂತರದ ಅಂಕ, ನಡುವಿನ ಗೆರೆಯೇ ಬದಲಾವಣೆ. ಕಳೆಯುವ ಲೆಕ್ಕವನ್ನು ನಾವು ಮಾಡಬೇಕಾಗಿಲ್ಲ, ಗೆರೆಯೇ ಮಾಡಿ ತೋರಿಸುತ್ತದೆ.

ಚರ್ಚೆಗೆ ಬಂದಿದ್ದವರಲ್ಲಿ ನಿವೃತ್ತ ಗಣಿತ ಶಿಕ್ಷಕಿಯೊಬ್ಬರಿದ್ದರು. ಧ್ವನಿಮುದ್ರಣಕ್ಕೆ ಮೊದಲು ನಮ್ಮ ಹೊಸ ನಕ್ಷೆಯನ್ನು ನೋಡಿ, "ಚೆನ್ನಾಗಿದೆ ಸರ್. ಆದರೆ ಈ ಗೆರೆಯ ಆ ತುದಿಯಲ್ಲಿರೋ ಮಕ್ಕಳೇನಾ ಈ ತುದಿಯಲ್ಲೂ ಇರೋದು?" ಎಂದು ಕೇಳಿದರು. ನನ್ನ ಬಳಿ ಉತ್ತರ ಸಿದ್ಧವಿರಲಿಲ್ಲ. ಈ ಲೇಖನ ಆ ಪ್ರಶ್ನೆಯ ಸುತ್ತಲೇ ಇದೆ. ಮೊದಲು ನಕ್ಷೆಯನ್ನು ನೀವೇ ಬರೆಯಿರಿ, ಆಮೇಲೆ ಪ್ರಶ್ನೆಗೆ ಬರೋಣ.

ನಕ್ಷೆ ಬರೆಯುವ ಬಗೆ

ನಾವು ಬಳಸಿದ ಅಂಕಿಗಳು 'ಅಸರ್' ವರದಿಯವು. 'ಪ್ರಥಮ್' ಎಂಬ ಸ್ವಯಂಸೇವಾ ಸಂಸ್ಥೆ 2005ರಲ್ಲಿ ಆರಂಭಿಸಿದ ಸಮೀಕ್ಷೆ ಇದು. ಗ್ರಾಮೀಣ ಭಾರತದ ಹಳ್ಳಿಗಳಲ್ಲಿ ಮನೆ ಮನೆಗೆ ಹೋಗಿ, ಒಂದೊಂದು ಮಗುವನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿ ನೋಡುತ್ತಾರೆ. ಓದಿನ ಮೆಟ್ಟಿಲುಗಳು ಇವು: ಅಕ್ಷರ, ಪದ, ಒಂದನೇ ತರಗತಿ ಮಟ್ಟದ ನಾಲ್ಕು ಸಾಲು, ಎಲ್ಲಕ್ಕಿಂತ ಮೇಲೆ ಎರಡನೇ ತರಗತಿ ಮಟ್ಟದ ಪುಟ್ಟ ಕಥೆ. ಐದನೇ ತರಗತಿಯ ನೂರು ಮಕ್ಕಳಲ್ಲಿ ಎಷ್ಟು ಮಂದಿ ಈ ಎರಡನೇ ತರಗತಿಯ ಕಥೆಯನ್ನು ಓದಬಲ್ಲರು ಎಂಬುದು ನಮ್ಮ ಅಂಕ.

2018ರಲ್ಲಿ ಸರ್ಕಾರಿ ಶಾಲೆಯ ಐದನೇ ತರಗತಿಯವರಲ್ಲಿ ಶೇಕಡಾ 44.2 ಮಂದಿ ಓದಬಲ್ಲವರಾಗಿದ್ದರು; 2022ರಲ್ಲಿ ಶೇಕಡಾ 38.5. ಖಾಸಗಿ ಶಾಲೆಯಲ್ಲಿ 2018ರಲ್ಲಿ ಶೇಕಡಾ 65.1, 2022ರಲ್ಲಿ ಶೇಕಡಾ 56.8. ಎರಡನ್ನೂ ಸೇರಿಸಿದರೆ 50.5 ಇದ್ದದ್ದು 42.8 ಆಯಿತು. ನಡುವೆ 2020ರ ಮಾರ್ಚ್‌ನಿಂದ ಶಾಲೆಗಳು ದೀರ್ಘಕಾಲ ಮುಚ್ಚಿದ್ದನ್ನು ನೀವು ಮರೆತಿರಲಾರಿರಿ.

ಈಗ ಒಂದು ಗ್ರಾಫ್ ಹಾಳೆ ತೆಗೆದುಕೊಳ್ಳಿ. ಕೆಳಗೆ ಅಡ್ಡಲಾಗಿ ಒಂದು ಅಳತೆಯ ಗೆರೆ ಎಳೆದು ಎಡತುದಿಗೆ 30, ಬಲತುದಿಗೆ 70 ಎಂದು ಬರೆಯಿರಿ. ಒಂದು ಸೆಂಟಿಮೀಟರಿಗೆ 5 ಎಂದಿಟ್ಟುಕೊಂಡರೆ ಎಂಟು ಸೆಂಟಿಮೀಟರ್ ಸಾಕು. ಅದರ ಮೇಲೆ ಮೂರು ಸಾಲು ಮಾಡಿ: ಖಾಸಗಿ, ಎಲ್ಲರೂ, ಸರ್ಕಾರಿ. ಪ್ರತಿ ಸಾಲಿನಲ್ಲಿ 2018ರ ಅಂಕಕ್ಕೆ ಒಂದು ಖಾಲಿ ಸೊನ್ನೆ, 2022ರ ಅಂಕಕ್ಕೆ ಪೂರ್ತಿ ತುಂಬಿದ ಚುಕ್ಕೆ ಹಾಕಿ, ಎರಡನ್ನೂ ಗೆರೆಯಿಂದ ಸೇರಿಸಿ. ಖಾಲಿ ಯಾವುದು, ತುಂಬಿದ್ದು ಯಾವುದು ಎಂಬುದನ್ನು ಮೇಲೆ ಬರೆಯಲು ಮರೆಯಬೇಡಿ. ಗೆರೆಗೆ ತನ್ನದೇ ಆದ ದಿಕ್ಕಿಲ್ಲ. ಚುಕ್ಕೆಗಳ ಗುರುತು ತಪ್ಪಿದರೆ ಇಳಿಕೆಯೇ ಏರಿಕೆಯಾಗಿ ಕಾಣುತ್ತದೆ.

ಅಳತೆ ಸೊನ್ನೆಯಿಂದ ಆರಂಭವಾಗಲಿಲ್ಲವಲ್ಲ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಕಂಬಗಳ ನಕ್ಷೆಯಲ್ಲಿ ಅದು ದೊಡ್ಡ ತಪ್ಪು. ಅಲ್ಲಿ ಕಣ್ಣು ಕಂಬದ ಪೂರ್ತಿ ಎತ್ತರವನ್ನು ಅಳೆಯುತ್ತದೆ, ಬುಡ ಕತ್ತರಿಸಿದರೆ ಅನುಪಾತ ಕೆಡುತ್ತದೆ. ಇಲ್ಲಿ ಕಣ್ಣು ನೋಡುವುದು ಚುಕ್ಕೆಯ ಸ್ಥಾನವನ್ನು, ಮತ್ತು ಎರಡು ಚುಕ್ಕೆಗಳ ಅಂತರವನ್ನು. ಅಳತೆ ಎಲ್ಲಿಂದ ಶುರುವಾದರೂ 5.7ರ ಅಂತರ 8.3ರ ಅಂತರಕ್ಕಿಂತ ಅಷ್ಟೇ ಪ್ರಮಾಣದಲ್ಲಿ ಚಿಕ್ಕದಾಗಿರುತ್ತದೆ. 1984ರಲ್ಲಿ ಅಮೆರಿಕದ ಸಂಖ್ಯಾಶಾಸ್ತ್ರಜ್ಞರಾದ ವಿಲಿಯಂ ಕ್ಲೀವ್‌ಲೆಂಡ್ ಮತ್ತು ರಾಬರ್ಟ್ ಮೆಕ್‌ಗಿಲ್ ಜನ ನಕ್ಷೆಗಳನ್ನು ಹೇಗೆ ಓದುತ್ತಾರೆಂದು ಪ್ರಯೋಗ ಮಾಡಿ ನೋಡಿದರು. ಒಂದೇ ಅಳತೆಯ ಮೇಲಿನ ಸ್ಥಾನವನ್ನು ನಮ್ಮ ಕಣ್ಣು ಅತ್ಯಂತ ನಿಖರವಾಗಿ ಗುರುತಿಸುತ್ತದೆ, ಕೋನ ಮತ್ತು ವಿಸ್ತೀರ್ಣಗಳಲ್ಲಿ ಹೆಚ್ಚು ತಪ್ಪುತ್ತದೆ ಎಂದು ಅವರು ಕಂಡರು. ಚುಕ್ಕೆಯ ನಕ್ಷೆಗಳ ಬಲ ಇರುವುದು ಇಲ್ಲಿ.

ಗೆರೆ ಏನು ಹೇಳುತ್ತದೆ?

ನಿಮ್ಮ ಹಾಳೆಯಲ್ಲಿ ಮೂರು ಗೆರೆಗಳೂ ಎಡಕ್ಕೆ ಸರಿದಿವೆ. ಖಾಸಗಿ ಶಾಲೆಯ ಗೆರೆ ಉದ್ದ, ಸರ್ಕಾರಿ ಶಾಲೆಯದು ಗಿಡ್ಡ. "ಖಾಸಗಿ ಶಾಲೆಯ ಮಕ್ಕಳಿಗೇ ಹೆಚ್ಚು ನಷ್ಟವಾಯಿತು" ಎಂದು ಬರೆದುಬಿಡಲು ಕೈ ತುರಿಸುತ್ತದೆ. ಸ್ವಲ್ಪ ತಡೆಯಿರಿ.

ಗೆರೆಯ ಉದ್ದ ತೋರಿಸುವುದು ಬರೀ ವ್ಯತ್ಯಾಸವನ್ನು. 44.2ರಲ್ಲಿ 5.7 ಎಂದರೆ ಸುಮಾರು ಎಂಟನೆಯ ಒಂದು ಭಾಗ. 65.1ರಲ್ಲಿ 8.3 ಎಂದರೂ ಸುಮಾರು ಎಂಟನೆಯ ಒಂದು ಭಾಗವೇ. ಮೊದಲು ಇದ್ದದ್ದರಲ್ಲಿ ಎಷ್ಟು ಪಾಲು ಹೋಯಿತು ಎಂದು ಕೇಳಿದರೆ ಎರಡೂ ಕಡೆ ನಷ್ಟ ಸಮ. ಎರಡು ಪ್ರಶ್ನೆಗಳೂ ಸರಿಯಾದವೇ, ಆದರೆ ಅವು ಬೇರೆ ಬೇರೆ. ಡಂಬೆಲ್ ನಕ್ಷೆ ಮೊದಲನೆಯದಕ್ಕೆ ಮಾತ್ರ ಉತ್ತರ ಕೊಡುತ್ತದೆ.

ಇದಕ್ಕಿಂತ ಆಳವಾದದ್ದು ನಮ್ಮ ಶಿಕ್ಷಕಿಯ ಪ್ರಶ್ನೆ. 2018ರಲ್ಲಿ ಐದನೇ ತರಗತಿಯಲ್ಲಿದ್ದ ಮಗು 2022ರಲ್ಲಿ ಒಂಬತ್ತನೇ ತರಗತಿಯ ವಯಸ್ಸಿಗೆ ಬಂದಿರುತ್ತದೆ. ಅಂದರೆ ಎರಡು ತುದಿಯಲ್ಲಿರುವವರು ಒಬ್ಬರೇ ಅಲ್ಲ, ಇದು ಸ್ಪಷ್ಟ. ಅದರಿಂದ ತೊಂದರೆಯೇನಿಲ್ಲ, ಎರಡು ಕಾಲದ ಐದನೇ ತರಗತಿಗಳನ್ನು ಹೋಲಿಸುತ್ತಿದ್ದೇವೆ ಎಂದರೆ ಆಯಿತು. ತೊಂದರೆ ಇರುವುದು ಬೇರೆ ಕಡೆ. 'ಸರ್ಕಾರಿ ಶಾಲೆಯ ಮಕ್ಕಳು' ಎಂಬ ಹೆಸರು ಎರಡೂ ವರ್ಷ ಒಂದೇ ಇದ್ದರೂ ಅದರೊಳಗೆ ಎಂಥ ಮಕ್ಕಳಿದ್ದರು ಎಂಬುದು ಬದಲಾಗಿತ್ತು. ಅದೇ ವರದಿಯ ಪ್ರಕಾರ 6ರಿಂದ 14 ವರ್ಷದ ಮಕ್ಕಳಲ್ಲಿ ಸರ್ಕಾರಿ ಶಾಲೆಗೆ ದಾಖಲಾದವರು 2018ರಲ್ಲಿ ಶೇಕಡಾ 65.6, 2022ರಲ್ಲಿ ಶೇಕಡಾ 72.9. ಕೆಲಸ ಹೋಗಿ ಶುಲ್ಕ ಕಟ್ಟಲಾಗದವರು, ಊರಿನ ಚಿಕ್ಕ ಖಾಸಗಿ ಶಾಲೆಯೇ ಮುಚ್ಚಿಹೋದವರು, ಹೀಗೆ ಎಷ್ಟೋ ಮನೆಗಳ ಮಕ್ಕಳು ಸರ್ಕಾರಿ ಶಾಲೆಗೆ ಬಂದಿದ್ದರು.

ಒಂದು ಮಗು ಬೆಂಚು ಬದಲಿಸಿದರೆ

ಇದರಿಂದ ಸರಾಸರಿ ಹೇಗೆ ಬದಲಾಗುತ್ತದೆ ಎಂಬುದನ್ನು ಎಂಟೇ ಮಕ್ಕಳ ಲೆಕ್ಕದಲ್ಲಿ ನೋಡೋಣ. ಇವು ಲೆಕ್ಕಕ್ಕಾಗಿ ನಾನೇ ಇಟ್ಟುಕೊಂಡ ಅಂಕಗಳು.

ಖಾಸಗಿ ಶಾಲೆಯಲ್ಲಿ ನಾಲ್ವರು: 80, 70, 60, 50. ಸರಾಸರಿ 65. ಸರ್ಕಾರಿ ಶಾಲೆಯಲ್ಲಿ ನಾಲ್ವರು: 60, 45, 40, 35. ಸರಾಸರಿ 45. ಈಗ ಖಾಸಗಿ ಶಾಲೆಯಲ್ಲಿ 50 ಅಂಕದ ಮಗು ಸರ್ಕಾರಿ ಶಾಲೆಗೆ ಸೇರಿತೆನ್ನಿ. ಯಾರ ಅಂಕವೂ ಒಂದಿಷ್ಟೂ ಬದಲಾಗಿಲ್ಲ. ಖಾಸಗಿ ಶಾಲೆಯಲ್ಲಿ ಉಳಿದವರು 80, 70, 60, ಸರಾಸರಿ 70. ಸರ್ಕಾರಿ ಶಾಲೆಯಲ್ಲಿ ಈಗ ಐವರು: 60, 50, 45, 40, 35. ಕೂಡಿಸಿದರೆ 230, ಸರಾಸರಿ 46.

ನೋಡಿ, ಖಾಸಗಿ ಶಾಲೆಯ ಚುಕ್ಕೆ 5 ಬಲಕ್ಕೆ ಸರಿಯಿತು, ಸರ್ಕಾರಿ ಶಾಲೆಯದು 1 ಬಲಕ್ಕೆ ಸರಿಯಿತು. ಎರಡು ಶಾಲೆಗಳವರೂ "ನಮ್ಮಲ್ಲಿ ಪ್ರಗತಿಯಾಗಿದೆ" ಎಂದು ಫಲಕ ಹಾಕಿಕೊಳ್ಳಬಹುದು. ಕಲಿತವರು ಮಾತ್ರ ಯಾರೂ ಇಲ್ಲ! ಕಾರಣ ಸರಳ. ಹೊರಟ ಮಗು ಬಿಟ್ಟುಬಂದ ಗುಂಪಿನ ಸರಾಸರಿಗಿಂತ ಕೆಳಗಿತ್ತು, ಸೇರಿದ ಗುಂಪಿನ ಸರಾಸರಿಗಿಂತ ಮೇಲಿತ್ತು. ಮೋಸ ಬಯಲಾಗುವುದು ಮೂರನೆಯ ಸಾಲಿನಲ್ಲಿ. ಎಂಟೂ ಮಕ್ಕಳ ಸರಾಸರಿ ಮೊದಲೂ 55, ನಂತರವೂ 55. ಗುಂಪುಗಳ ಜೊತೆಗೆ 'ಎಲ್ಲರೂ' ಎಂಬ ಸಾಲನ್ನು ನಿಮ್ಮಿಂದ ಬರೆಸಿದ್ದು ಇದಕ್ಕೇ.

ಈಗ ಗ್ರಾಫ್ ಹಾಳೆಗೆ ಮರಳಿ. ಅಲ್ಲಿ 'ಎಲ್ಲರೂ' ಚುಕ್ಕೆ ಸರ್ಕಾರಿ ಮತ್ತು ಖಾಸಗಿ ಚುಕ್ಕೆಗಳ ನಡುವೆ ಎಲ್ಲಿ ನಿಂತಿದೆ ಎಂದು ಅಳೆಯಿರಿ. 2018ರಲ್ಲಿ ಸರ್ಕಾರಿ ಮತ್ತು ಖಾಸಗಿ ಚುಕ್ಕೆಗಳ ಅಂತರ 20.9; 'ಎಲ್ಲರೂ' ಚುಕ್ಕೆ ಸರ್ಕಾರಿ ಚುಕ್ಕೆಯಿಂದ 6.3 ದೂರದಲ್ಲಿದೆ, ಅಂದರೆ ಹತ್ತರಲ್ಲಿ ಮೂರು ಭಾಗದ ದೂರ. ಹಾಗಾದರೆ ಆ ವರ್ಷ ಐದನೇ ತರಗತಿಯ ನೂರು ಮಕ್ಕಳಲ್ಲಿ ಸುಮಾರು 30 ಮಂದಿ ಖಾಸಗಿ ಶಾಲೆಯವರು. 2022ರಲ್ಲಿ ಅಂತರ 18.3, ದೂರ 4.3. ಈಗ ಖಾಸಗಿಯವರು ಸುಮಾರು 23 ಅಥವಾ 24 ಮಂದಿ. ದಾಖಲಾತಿಯ ಪಟ್ಟಿಯನ್ನು ನೋಡದೆಯೇ ಮಕ್ಕಳು ಶಾಲೆ ಬದಲಿಸಿದ್ದನ್ನು ಮೂರು ಚುಕ್ಕೆಗಳಿಂದ ಕಂಡುಹಿಡಿದಿರಿ.

ಇನ್ನೊಂದು ಹೆಜ್ಜೆ ಮುಂದೆ ಹೋಗೋಣ. ಪಾಲು 70ಕ್ಕೆ 30 ಆಗಿಯೇ ಉಳಿದು, ಎರಡು ಗುಂಪುಗಳೂ ಈಗಿನಷ್ಟೇ ಇಳಿದಿದ್ದರೆ ಒಟ್ಟು ಇಳಿಕೆ ಸುಮಾರು 6.5 ಆಗುತ್ತಿತ್ತು. ನಿಜವಾಗಿ ಆದದ್ದು 7.7. ಮಿಕ್ಕ 1.2 ಎಲ್ಲಿಂದ ಬಂತು? ಹೆಚ್ಚು ಮಕ್ಕಳು ಕೆಳಗಿನ ಸಾಲಿನಲ್ಲಿ ಎಣಿಕೆಯಾದದ್ದರಿಂದ ಬಂತು. ವಲಸೆ ಬಂದ ಮಕ್ಕಳು ನಮ್ಮ ಲೆಕ್ಕದ 50 ಅಂಕದ ಮಗುವಿನಂಥವರೇ ಆಗಿದ್ದರೆ, ಅವರು ಎರಡೂ ಗುಂಪುಗಳ ಸರಾಸರಿಯನ್ನು ಒಂದಿಷ್ಟು ಮೇಲೆತ್ತಿರುತ್ತಾರೆ. ಆಗ ನಕ್ಷೆಯ ಗುಂಪುಗಳ ಗೆರೆಗಳು ನಿಜವಾದ ನಷ್ಟಕ್ಕಿಂತ ಗಿಡ್ಡವಾಗಿ ಕಾಣುತ್ತಿವೆ ಎಂದಾಯಿತು. ವಲಸೆ ಬಂದವರ ಅಂಕ ಪ್ರತ್ಯೇಕವಾಗಿ ಈ ನಕ್ಷೆಯಲ್ಲಿಲ್ಲ. ಆದ್ದರಿಂದ ಎಷ್ಟು ಗಿಡ್ಡ ಎಂದು ನಕ್ಷೆಯಿಂದ ಹೇಳಲಾಗದು.

ಗೆರೆಯ ಕೆಳಗಿನ ಹಳ್ಳ

ಇದೇ ಬಗೆಯ ಮುಂದಿನ ಸಮೀಕ್ಷೆ 2024ರಲ್ಲಿ ನಡೆಯಿತು. ಸರ್ಕಾರಿ ಶಾಲೆಯ ಅಂಕ 44.8, ಖಾಸಗಿ ಶಾಲೆಯದು 59.3, ಒಟ್ಟು 48.8. ಈಗ 2018ನ್ನು 'ಮೊದಲು' ಎಂದೂ 2024ನ್ನು 'ನಂತರ' ಎಂದೂ ಇಟ್ಟುಕೊಂಡು ಬೇರೆ ಹಾಳೆಯಲ್ಲಿ ಹೊಸ ನಕ್ಷೆ ಬರೆಯಿರಿ. ಸರ್ಕಾರಿ ಶಾಲೆಯ ಸಾಲಿನಲ್ಲಿ ಎರಡು ಚುಕ್ಕೆಗಳು ಒಂದರ ಮೇಲೊಂದು ಕೂತುಬಿಡುತ್ತವೆ. ಗೆರೆಯೇ ಕಾಣದು. ಈ ನಕ್ಷೆಯನ್ನಷ್ಟೇ ನೋಡಿದವರು ಆರು ವರ್ಷದಲ್ಲಿ ಅಲ್ಲಿ ಏನೂ ಆಗಲಿಲ್ಲ ಎಂದುಕೊಳ್ಳುತ್ತಾರೆ. ಆದರೆ ನಡುವೆ 38.5ರ ಹಳ್ಳವೊಂದಿತ್ತು, ಅದಕ್ಕಿಳಿದು ಮತ್ತೆ ಹತ್ತಿಬಂದದ್ದಾಗಿತ್ತು. ಡಂಬೆಲ್ ನಕ್ಷೆಗೆ ಎರಡು ತುದಿ ಗೊತ್ತು, ದಾರಿ ಗೊತ್ತಿಲ್ಲ. ದಾರಿ ಮುಖ್ಯವಾದಾಗ ವರ್ಷಗಳನ್ನು ಕ್ರಮವಾಗಿಟ್ಟು ಸಾಧಾರಣ ರೇಖಾನಕ್ಷೆಯನ್ನೇ ಬರೆಯಬೇಕು.

44.2ರಿಂದ 44.8 ಎಂಬುದನ್ನು ಏರಿಕೆ ಎಂದು ಸಂಭ್ರಮಿಸುವಂತೆಯೂ ಇಲ್ಲ. ಇದು ಆಯ್ದ ಮನೆಗಳ ಸಮೀಕ್ಷೆ, ಬೇರೆ ಮನೆಗಳನ್ನು ಆಯ್ದಿದ್ದರೆ ಅಂಕ ಅಷ್ಟಿಷ್ಟು ಆಚೀಚೆ ಆಗುತ್ತಿತ್ತು. 'ಸುಮಾರು ಮೊದಲಿನ ಮಟ್ಟಕ್ಕೆ ಬಂದಿದೆ' ಎಂಬಷ್ಟು ಹೇಳಬಹುದು. ಖಾಸಗಿ ಶಾಲೆಯ ಗೆರೆ ಮಾತ್ರ ಇನ್ನೂ ಎಡಕ್ಕೇ ಚಾಚಿದೆ. ಸರ್ಕಾರಿ ಶಾಲೆ ಚೇತರಿಸಿಕೊಂಡಿತು, ಖಾಸಗಿ ಶಾಲೆ ಚೇತರಿಸಿಕೊಳ್ಳಲಿಲ್ಲ ಎನ್ನೋಣವೇ? ಮತ್ತೆ ಶಿಕ್ಷಕಿಯ ಪ್ರಶ್ನೆ ಕೇಳಿ. 2024ರಲ್ಲಿ ಸರ್ಕಾರಿ ಶಾಲೆಯ ಪಾಲು ಶೇಕಡಾ 66.8ಕ್ಕೆ ಇಳಿದಿತ್ತು, ನಡುವೆ ಏರಿದ್ದರಲ್ಲಿ ಬಹುಪಾಲು ಮರಳಿ ಇಳಿದಿತ್ತು. ಶಾಲೆ ಬದಲಿಸುವ ಆಟ ಈ ಬಾರಿ ಹಿಂದುಮುಂದಾಗಿ ನಡೆದಿತ್ತು. ಕಲಿಕೆ ಮರಳಿದ್ದು ನಿಜ ಎಂಬುದಕ್ಕೆ 'ಎಲ್ಲರೂ' ಸಾಲು ಸಾಕ್ಷಿ: 42.8ರಿಂದ 48.8. ಯಾವ ಗುಂಪಿಗೆ ಎಷ್ಟು ಶ್ರೇಯಸ್ಸು ಎಂಬುದನ್ನು ಹೇಳಲು ಈ ಚುಕ್ಕೆಗಳು ಸಾಲವು.

ಅದೇ ಮಕ್ಕಳಾದರೂ ಮೋಸ ಹೋಗಬಹುದು

"ನಮ್ಮ ತರಗತಿಯಲ್ಲಿ ಎರಡೂ ಪರೀಕ್ಷೆಗಳನ್ನು ಬರೆದವರು ಅವರೇ ಮಕ್ಕಳು, ನಮಗೆ ಈ ತೊಂದರೆಯಿಲ್ಲ" ಎಂದು ನೀವು ಹೇಳಬಹುದು. ಹಾಗಿದ್ದರೆ ಒಂದು ಆಟ ಆಡಿ ನೋಡಿ. ತರಗತಿಯಲ್ಲಿ ಪ್ರತಿಯೊಬ್ಬರೂ ಒಂದು ದಾಳವನ್ನು ಒಮ್ಮೆ ಎಸೆಯಲಿ. ಬಿದ್ದ ಸಂಖ್ಯೆಯೇ ಅವರ ಮೊದಲ ಪರೀಕ್ಷೆಯ ಅಂಕ. 1 ಅಥವಾ 2 ಬಂದವರು 'ಹಿಂದುಳಿದವರು', 3 ಅಥವಾ 4 ಬಂದವರು 'ಸಾಧಾರಣ', 5 ಅಥವಾ 6 ಬಂದವರು 'ಜಾಣರು'. ಮೂರು ಗುಂಪುಗಳ ಸರಾಸರಿ ಸುಮಾರು 1.5, 3.5, 5.5 ಇರುತ್ತದೆ. ಗುಂಪುಗಳನ್ನು ಹಾಗೆಯೇ ಇಟ್ಟುಕೊಂಡು ಎಲ್ಲರೂ ಮತ್ತೊಮ್ಮೆ ಎಸೆಯಲಿ. ಈಗ ಮೂರು ಗುಂಪುಗಳ ಸರಾಸರಿಯೂ 3.5ರ ಆಸುಪಾಸಿಗೆ ಬರುತ್ತದೆ.

ನಕ್ಷೆ ಬರೆದು ನೋಡಿ. ಹಿಂದುಳಿದವರ ಗೆರೆ ಬಲಕ್ಕೆ ಎರಡು ಅಂಕ ನೆಗೆದಿದೆ, ಜಾಣರ ಗೆರೆ ಎಡಕ್ಕೆ ಎರಡು ಅಂಕ ಕುಸಿದಿದೆ, ಸಾಧಾರಣದವರದು ನಿಂತಲ್ಲೇ ನಿಂತಿದೆ. ದಾಳಕ್ಕೆ ಪಾಠ ಹೇಳಿದವರು ಯಾರೂ ಇಲ್ಲ! ಮೊದಲ ಎಸೆತದ ಅದೃಷ್ಟವನ್ನೇ ನೋಡಿ ಗುಂಪು ಮಾಡಿದ್ದರಿಂದ, ಎರಡನೆಯ ಎಸೆತದಲ್ಲಿ ಆ ಅದೃಷ್ಟ ಉಳಿಯಲಿಲ್ಲ, ಅಷ್ಟೇ. ಪರೀಕ್ಷೆ ಪೂರ್ತಿ ದಾಳವಲ್ಲ ನಿಜ. ಆದರೆ ಜ್ವರ ಬಂದ ದಿನ ಬರೆದದ್ದು, ಓದಿದ್ದೇ ಬಂದದ್ದು, ಊಹಿಸಿ ಗುರುತು ಹಾಕಿದ್ದು ಇವೆಲ್ಲ ಅಂಕದೊಳಗೆ ಒಂದಿಷ್ಟು ದಾಳದ ಪಾಲನ್ನು ಸೇರಿಸುತ್ತವೆ. ತಂದೆತಾಯಿಯರ ಮತ್ತು ಮಕ್ಕಳ ಎತ್ತರವನ್ನು ಹೋಲಿಸುತ್ತಾ 1886ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಈ ಗುಣವನ್ನು ವಿವರಿಸಿದರು. ಇದನ್ನು ಸರಾಸರಿಯೆಡೆಗೆ ಮರಳುವಿಕೆ ಎನ್ನುತ್ತಾರೆ.

ಮೊದಲ ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದವರಿಗೆ ವಿಶೇಷ ತರಗತಿ ನಡೆಸಿ, ಅದೇ ಪರೀಕ್ಷೆಯ ಅಂಕವನ್ನು 'ಮೊದಲು' ಎಂದು ತೋರಿಸಿದ ಡಂಬೆಲ್ ನಕ್ಷೆ ಕಂಡರೆ ಈ ದಾಳವನ್ನು ನೆನಪಿಸಿಕೊಳ್ಳಿ. ಕೆಳಗಿನ ಗುಂಪಿನ ಗೆರೆ ಉದ್ದವಾಗಿ ಬಲಕ್ಕೆ, ಮೇಲಿನ ಗುಂಪಿನದು ಎಡಕ್ಕೆ ಇದ್ದರೆ ಅನುಮಾನ ಗಟ್ಟಿ. ಪರಿಹಾರವೂ ಕಷ್ಟವಲ್ಲ. ಗುಂಪು ಮಾಡಲು ಹಿಂದಿನ ವರ್ಷದ ಅಂಕವನ್ನೋ ಬೇರೊಂದು ಪರೀಕ್ಷೆಯನ್ನೋ ಬಳಸಿ, ಆಮೇಲೆ ಹೊಸದಾಗಿ 'ಮೊದಲಿನ' ಪರೀಕ್ಷೆ ನಡೆಸಬೇಕು. ಜೊತೆಗೆ ಅಷ್ಟೇ ಕಡಿಮೆ ಅಂಕ ಪಡೆದು ವಿಶೇಷ ತರಗತಿಗೆ ಬಾರದ ಮಕ್ಕಳ ಸಾಲೊಂದನ್ನೂ ನಕ್ಷೆಯಲ್ಲಿ ಇಡಬೇಕು. ಎರಡು ಗೆರೆಗಳ ನಡುವಿನ ವ್ಯತ್ಯಾಸವೇ ತರಗತಿಯ ಫಲ.

ನಿಮ್ಮ ಶಾಲೆಯ ನಕ್ಷೆ

ಈ ಬಾರಿಯ ಎರಡು ಕಿರುಪರೀಕ್ಷೆಗಳ ಅಂಕಗಳನ್ನು ಹಿಡಿದು ನಿಮ್ಮ ತರಗತಿಯ ವಿಭಾಗಗಳಿಗೆ ಒಂದು ಡಂಬೆಲ್ ನಕ್ಷೆ ಬರೆಯಿರಿ. ಎರಡೂ ಪರೀಕ್ಷೆ ಬರೆದವರನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ. ಎರಡನೆಯದಕ್ಕೆ ಗೈರುಹಾಜರಾದವರು ಕಡಿಮೆ ಅಂಕದವರೇ ಆಗಿದ್ದರೆ, ಅವರ ಗೈರುಹಾಜರಿಯೇ ವಿಭಾಗದ ಚುಕ್ಕೆಯನ್ನು ಬಲಕ್ಕೆ ತಳ್ಳುತ್ತದೆ. ಪ್ರತಿ ಸಾಲಿನ ಪಕ್ಕದಲ್ಲಿ ಎಷ್ಟು ಮಕ್ಕಳು ಎಂದು ಬರೆಯಿರಿ. ಆರು ಮಕ್ಕಳ ಗುಂಪಿನ ಚುಕ್ಕೆಯೂ ಅರವತ್ತು ಮಕ್ಕಳ ಗುಂಪಿನ ಚುಕ್ಕೆಯೂ ನೋಡಲು ಒಂದೇ ಗಾತ್ರ. ಆದರೆ ಆರು ಮಂದಿಯಲ್ಲಿ ಒಬ್ಬನ ಅಂಕ 30 ಏರಿದರೂ ಗುಂಪಿನ ಚುಕ್ಕೆ 5 ಸರಿಯುತ್ತದೆ. ಕೊನೆಗೆ 'ಎಲ್ಲರೂ' ಎಂಬ ಸಾಲು ಇರಲಿ.

ಅಂದಿನ ಕಾರ್ಯಕ್ರಮದಲ್ಲಿ ನಾವು ನಕ್ಷೆಯನ್ನು ಬದಲಿಸಲಿಲ್ಲ. ಅದರ ಕೆಳಗೆ ಎರಡು ಸಾಲು ಸೇರಿಸಿದೆವು: 'ಎರಡು ವರ್ಷಗಳ ಮಕ್ಕಳು ಬೇರೆ ಬೇರೆ. ನಡುವೆ ಹಲವರು ಖಾಸಗಿ ಶಾಲೆಯಿಂದ ಸರ್ಕಾರಿ ಶಾಲೆಗೆ ಬಂದಿದ್ದಾರೆ.' ಅದನ್ನು ಓದಲು ಸಮಯ ಬೇಕೆಂದು ಆ ಚಿತ್ರವನ್ನು ಪರದೆಯ ಮೇಲೆ ಹತ್ತರ ಬದಲು ಇಪ್ಪತ್ತು ಸೆಕೆಂಡು ನಿಲ್ಲಿಸಿದೆವು.